ಕಪಾಲ ನರಗಳ ಕೋಷ್ಟಕ: ರಂಧ್ರದಿಂದ ಆರಂಭಿಸಿ ಲಕ್ಷಣದವರೆಗೆ ಬರೆಯುವ ಕ್ರಮ

ಬಾಗಲಕೋಟೆ, ವಿಜಯಪುರ, ಬೆಳಗಾವಿಯ ವೈದ್ಯಕೀಯ ಮತ್ತು ದಂತ ವೈದ್ಯಕೀಯ ಕಾಲೇಜುಗಳಲ್ಲಿ ಅಂಗರಚನಾಶಾಸ್ತ್ರದ ಮೌಖಿಕ ಪರೀಕ್ಷೆಗೆ ಕುಳಿತ ವಿದ್ಯಾರ್ಥಿಯ ಮುಂದೆ ಪರೀಕ್ಷಕರು ಬುರುಡೆಯೊಂದನ್ನು ಇಟ್ಟು, ಕಡ್ಡಿಯ ತುದಿಯನ್ನು ಒಂದು ರಂಧ್ರಕ್ಕೆ ತೋರಿಸಿ, "ಇದರಾಗಿಂದ ಏನೇನು ಹೊರಗ ಹೋಗ್ತಾವ?" ಎಂದು ಕೇಳುವುದು ವಾಡಿಕೆ. ಒಂದರಿಂದ ಹನ್ನೆರಡರವರೆಗೆ ಸಂಖ್ಯೆಯ ಕ್ರಮದಲ್ಲಿ ನರಗಳನ್ನು ಬಾಯಿಪಾಠ ಮಾಡಿದವರು ಈ ಪ್ರಶ್ನೆಗೆ ತಡವರಿಸುತ್ತಾರೆ, ಏಕೆಂದರೆ ಅವರ ಕೋಷ್ಟಕದಲ್ಲಿ ಮೊದಲ ಕಂಬಸಾಲು ನರದ ಹೆಸರಿನದು, ಪ್ರಶ್ನೆಯಾದರೋ ರಂಧ್ರದಿಂದ ಆರಂಭವಾಗುತ್ತದೆ. ರೋಗವೂ ಹೆಚ್ಚಾಗಿ ಹಾಗೆಯೇ ವರ್ತಿಸುತ್ತದೆ: ಗಡ್ಡೆ, ಮೂಳೆಮುರಿತ ಅಥವಾ ಸೋಂಕು ನರಗಳ ಸಂಖ್ಯೆಯನ್ನು ಅನುಸರಿಸುವುದಿಲ್ಲ, ಒಂದೇ ದಾರಿಯಲ್ಲಿ ಸಾಗುವ ನರಗಳನ್ನು ಒಟ್ಟಿಗೆ ಹಿಡಿಯುತ್ತದೆ. ಆದ್ದರಿಂದ ಇಲ್ಲಿ ಕೋಷ್ಟಕವನ್ನು ಹೊರಬೀಳುವ ದಾರಿಯ ಕ್ರಮದಲ್ಲಿ ಕಟ್ಟುವುದನ್ನೂ, ಕೊನೆಯ ಕಂಬಸಾಲಾದ ಹಾನಿಯ ಲಕ್ಷಣಗಳನ್ನು ಉರುಹೊಡೆಯದೆ ಉಳಿದ ಕಂಬಸಾಲುಗಳಿಂದಲೇ ಹೊರಡಿಸುವುದನ್ನೂ ವಿವರಿಸಲಾಗಿದೆ.

ಮೊದಲ ಹೆಜ್ಜೆ: ದಾರಿಗಳನ್ನು ಮಾತ್ರ ಬರೆಯುವುದು

ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಂಡು ನಾಲ್ಕು ಕಂಬಸಾಲುಗಳನ್ನು ಎಳೆಯಿರಿ. ಬುರುಡೆಯ ಮೇಲ್ಭಾಗವನ್ನು ತೆಗೆದು ಒಳಗಿನ ತಳವನ್ನು ನೋಡಿದರೆ ಮುಂದಿನಿಂದ ಹಿಂದಕ್ಕೆ ಮೂರು ಮೆಟ್ಟಿಲುಗಳಂತೆ ಇಳಿಯುವ ಮೂರು ತಗ್ಗುಗಳು ಕಾಣುತ್ತವೆ. ಮುಂದಿನ ತಗ್ಗಿನಲ್ಲಿ ಕ್ರಿಬ್ರಿಫಾರ್ಮ್ ಪ್ಲೇಟ್ ಇದೆ. ನಡುವಿನ ತಗ್ಗಿನಲ್ಲಿ ಆಪ್ಟಿಕ್ ಕೆನಾಲ್, ಸುಪೀರಿಯರ್ ಆರ್ಬಿಟಲ್ ಫಿಶರ್, ಫೊರಾಮೆನ್ ರೊಟಂಡಮ್, ಫೊರಾಮೆನ್ ಓವೇಲ್ ಇವೆ. ಹಿಂದಿನ ತಗ್ಗಿನಲ್ಲಿ ಇಂಟರ್ನಲ್ ಅಕೌಸ್ಟಿಕ್ ಮಿಯೇಟಸ್, ಜುಗುಲರ್ ಫೊರಾಮೆನ್, ಹೈಪೊಗ್ಲಾಸಲ್ ಕೆನಾಲ್ ಇವೆ. ಈ ಎಂಟು ಹೆಸರುಗಳನ್ನು ಮೊದಲ ಕಂಬಸಾಲಿನಲ್ಲಿ ಇದೇ ಕ್ರಮದಲ್ಲಿ ಬರೆದು, ನಿಜವಾದ ಬುರುಡೆಯ ಮೇಲೆ ಬೆರಳಿಟ್ಟು ಗುರುತಿಸಿದ ನಂತರವೇ ನರಗಳ ಹೆಸರಿಗೆ ಕೈಹಾಕುವುದು ಒಳ್ಳೆಯದು. ಚಿತ್ರದಲ್ಲಿ ನೋಡಿ ಕಲಿತವರು ರೊಟಂಡಮ್ ಮತ್ತು ಓವೇಲ್‌ಗಳನ್ನು ಬುರುಡೆಯ ಮೇಲೆ ಅದಲುಬದಲು ಮಾಡುವುದುಂಟು. ದುಂಡಗಿನ ರೊಟಂಡಮ್ ಮುಂದೆ ಇದ್ದು ಮುಂದಕ್ಕೆ ತೆರೆಯುತ್ತದೆ, ಮೊಟ್ಟೆಯಾಕಾರದ ಓವೇಲ್ ಹಿಂದೆ ಇದ್ದು ಕೆಳಕ್ಕೆ ತೆರೆಯುತ್ತದೆ. ಕಡ್ಡಿ ತೂರಿಸಿ ನೋಡಿದರೆ ಈ ಗೊಂದಲ ಉಳಿಯುವುದಿಲ್ಲ.

ಭರ್ತಿಯಾದ ಕೋಷ್ಟಕ ಹೀಗಿರುತ್ತದೆ.

| ಹೊರಬೀಳುವ ದಾರಿ | ನರ | ಕೆಲಸ | ಹಾನಿಯಾದರೆ |
|---|---|---|---|
| ಕ್ರಿಬ್ರಿಫಾರ್ಮ್ ಪ್ಲೇಟ್ | 1 ಆಲ್ಫ್ಯಾಕ್ಟರಿ | ವಾಸನೆ | ಆ ಬದಿಯ ಮೂಗಿಗೆ ವಾಸನೆ ತಿಳಿಯದು |
| ಆಪ್ಟಿಕ್ ಕೆನಾಲ್ | 2 ಆಪ್ಟಿಕ್ | ದೃಷ್ಟಿ | ಆ ಕಣ್ಣಿನ ದೃಷ್ಟಿ ಹೋಗುತ್ತದೆ. ಆ ಕಣ್ಣಿಗೆ ಬೆಳಕು ಬಿಟ್ಟರೆ ಎರಡೂ ಪಾಪೆಗಳು ಕಿರಿದಾಗುವುದಿಲ್ಲ |
| ಸುಪೀರಿಯರ್ ಆರ್ಬಿಟಲ್ ಫಿಶರ್ | 3 ಆಕ್ಯುಲೊಮೋಟರ್ | ಕಣ್ಣಿನ ಬಹುತೇಕ ಸ್ನಾಯುಗಳು, ಮೇಲಿನ ರೆಪ್ಪೆ ಎತ್ತುವುದು, ಪಾಪೆ ಕಿರಿದಾಗಿಸುವುದು | ರೆಪ್ಪೆ ಜೋಲುತ್ತದೆ, ಕಣ್ಣು ಕೆಳಕ್ಕೂ ಹೊರಕ್ಕೂ ತಿರುಗುತ್ತದೆ, ಪಾಪೆ ಹಿಗ್ಗುತ್ತದೆ |
| ಅದೇ | 4 ಟ್ರಾಕ್ಲಿಯರ್ | ಸುಪೀರಿಯರ್ ಆಬ್ಲಿಕ್ ಸ್ನಾಯು | ಕೆಳಗೆ ನೋಡುವಾಗ ಎರಡೆರಡು ಕಾಣುತ್ತದೆ. ತಲೆ ಎದುರು ಬದಿಗೆ ವಾಲುತ್ತದೆ |
| ಅದೇ | 5ರ ಮೊದಲ ಶಾಖೆ, ಆಫ್ತಾಲ್ಮಿಕ್ | ಹಣೆ, ಕಾರ್ನಿಯಾ, ಮೂಗಿನ ಮೇಲ್ಭಾಗದ ಸ್ಪರ್ಶ | ಹಣೆ ಜೋಮು, ಕಾರ್ನಿಯಾ ಪ್ರತಿವರ್ತನೆ ಇಲ್ಲ |
| ಅದೇ | 6 ಅಬ್ಡ್ಯೂಸೆಂಟ್ | ಲ್ಯಾಟರಲ್ ರೆಕ್ಟಸ್ ಸ್ನಾಯು | ಕಣ್ಣು ಹೊರಕ್ಕೆ ತಿರುಗದು, ಮೂಗಿನ ಕಡೆ ವಾಲುತ್ತದೆ |
| ಫೊರಾಮೆನ್ ರೊಟಂಡಮ್ | 5ರ ಎರಡನೆಯ ಶಾಖೆ, ಮ್ಯಾಕ್ಸಿಲರಿ | ಕೆನ್ನೆ, ಮೇಲ್ದುಟಿ, ಮೇಲಿನ ಹಲ್ಲುಗಳ ಸ್ಪರ್ಶ | ಅಲ್ಲೆಲ್ಲ ಜೋಮು |
| ಫೊರಾಮೆನ್ ಓವೇಲ್ | 5ರ ಮೂರನೆಯ ಶಾಖೆ, ಮ್ಯಾಂಡಿಬ್ಯುಲರ್ | ಕೆಳದವಡೆ, ಕೆಳಗಿನ ಹಲ್ಲು, ನಾಲಿಗೆಯ ಮುಂದಿನ ಮೂರನೇ ಎರಡು ಭಾಗದ ಸ್ಪರ್ಶ. ಅಗಿಯುವ ಸ್ನಾಯುಗಳು | ಅಲ್ಲಿ ಜೋಮು. ಬಾಯಿ ತೆರೆದಾಗ ದವಡೆ ಹಾನಿಯಾದ ಬದಿಗೆ ಸರಿಯುತ್ತದೆ |
| ಇಂಟರ್ನಲ್ ಅಕೌಸ್ಟಿಕ್ ಮಿಯೇಟಸ್, ಆಮೇಲೆ ಸ್ಟೈಲೊಮ್ಯಾಸ್ಟಾಯ್ಡ್ ಫೊರಾಮೆನ್ | 7 ಫೇಶಿಯಲ್ | ಮುಖಭಾವದ ಸ್ನಾಯುಗಳು, ಮುಂದಿನ ನಾಲಿಗೆಯ ರುಚಿ, ಕಣ್ಣೀರು, ಎರಡು ಜೊಲ್ಲು ಗ್ರಂಥಿಗಳು | ಹಣೆ ಸುಕ್ಕಾಗದು, ಕಣ್ಣು ಮುಚ್ಚದು, ಬಾಯಿ ಆರೋಗ್ಯವಂತ ಬದಿಗೆ ಎಳೆಯುತ್ತದೆ |
| ಇಂಟರ್ನಲ್ ಅಕೌಸ್ಟಿಕ್ ಮಿಯೇಟಸ್ | 8 ವೆಸ್ಟಿಬ್ಯುಲೊಕಾಕ್ಲಿಯರ್ | ಶ್ರವಣ, ಸಮತೋಲನ | ಕಿವುಡು, ತಲೆಸುತ್ತು |
| ಜುಗುಲರ್ ಫೊರಾಮೆನ್ | 9 ಗ್ಲಾಸೊಫ್ಯಾರಿಂಜಿಯಲ್ | ಹಿಂದಿನ ನಾಲಿಗೆಯ ಸ್ಪರ್ಶ ಮತ್ತು ರುಚಿ, ಗಂಟಲಿನ ಸ್ಪರ್ಶ, ಪರೋಟಿಡ್ ಗ್ರಂಥಿ | ಆ ಬದಿಯ ಗಂಟಲು ಮುಟ್ಟಿದರೆ ಓಕರಿಕೆ ಬಾರದು |
| ಅದೇ | 10 ವೇಗಸ್ | ಅಂಗುಳ, ಗಂಟಲು, ಧ್ವನಿಪೆಟ್ಟಿಗೆಯ ಸ್ನಾಯುಗಳು. ಎದೆ ಮತ್ತು ಹೊಟ್ಟೆಯ ಅಂಗಗಳು | ಧ್ವನಿ ಒಡೆಯುತ್ತದೆ, ನುಂಗಲು ಕಷ್ಟ, ಕಿರುನಾಲಿಗೆ ಆರೋಗ್ಯವಂತ ಬದಿಗೆ ಸರಿಯುತ್ತದೆ |
| ಅದೇ | 11 ಆಕ್ಸೆಸರಿ | ಸ್ಟರ್ನೊಕ್ಲೈಡೊಮ್ಯಾಸ್ಟಾಯ್ಡ್, ಟ್ರೆಪಿಝಿಯಸ್ | ಭುಜ ಜೋಲುತ್ತದೆ. ತಲೆಯನ್ನು ಎದುರು ಬದಿಗೆ ತಿರುಗಿಸುವ ಬಲ ಕುಗ್ಗುತ್ತದೆ |
| ಹೈಪೊಗ್ಲಾಸಲ್ ಕೆನಾಲ್ | 12 ಹೈಪೊಗ್ಲಾಸಲ್ | ನಾಲಿಗೆಯ ಸ್ನಾಯುಗಳು | ಹೊರಚಾಚಿದ ನಾಲಿಗೆ ಹಾನಿಯಾದ ಬದಿಗೆ ತಿರುಗುತ್ತದೆ, ಆ ಅರ್ಧ ಸೊರಗುತ್ತದೆ |

ದಾರಿಯ ಕಂಬಸಾಲಿನಲ್ಲಿ ಎರಡು ಕಡೆ ಎಚ್ಚರ ಬೇಕು. ನರವು ಬುರುಡೆಯ ಒಳಗಿನ ಕುಹರವನ್ನು ಬಿಡುವ ಜಾಗ ಬೇರೆ, ಬುರುಡೆಯನ್ನೇ ಬಿಡುವ ಜಾಗ ಬೇರೆ. 7ನೇ ನರವು ಇಂಟರ್ನಲ್ ಅಕೌಸ್ಟಿಕ್ ಮಿಯೇಟಸ್ ಮೂಲಕ ಕಿವಿಯ ಮೂಳೆಯೊಳಗೆ ಹೊಕ್ಕು, ಅಲ್ಲಿ ಸಾಕಷ್ಟು ದೂರ ಸಾಗಿ, ಸ್ಟೈಲೊಮ್ಯಾಸ್ಟಾಯ್ಡ್ ಫೊರಾಮೆನ್‌ನಿಂದ ಹೊರಬರುತ್ತದೆ. 8ನೇ ನರ ಅದೇ ಬಾಗಿಲಲ್ಲಿ ಹೊಕ್ಕರೂ ಒಳಗಿವಿಯಲ್ಲೇ ಮುಗಿದುಹೋಗುತ್ತದೆ, ಹೊರಬರುವುದೇ ಇಲ್ಲ. 7ನೇ ನರದ ಎದುರು ಒಂದೇ ರಂಧ್ರ ಬರೆದ ಉತ್ತರವನ್ನು ಅರ್ಧ ಉತ್ತರವೆಂದೇ ನಾನು ಎಣಿಸುತ್ತೇನೆ. ಇನ್ನೊಂದು, 11ನೇ ನರದ ಬೆನ್ನುಹುರಿಯ ಬೇರುಗಳು ಫೊರಾಮೆನ್ ಮ್ಯಾಗ್ನಮ್ ಮೂಲಕ ಮೇಲೇರಿ ಒಳಗೆ ಬಂದು, ಆಮೇಲೆ ಜುಗುಲರ್ ಫೊರಾಮೆನ್‌ನಿಂದ ಹೊರಹೋಗುತ್ತವೆ. ಫೊರಾಮೆನ್ ಮ್ಯಾಗ್ನಮ್ ಅದಕ್ಕೆ ಒಳಬರುವ ದಾರಿಯೇ ಹೊರತು ಹೊರಹೋಗುವ ದಾರಿಯಲ್ಲ.

ಎರಡನೆಯ ಹೆಜ್ಜೆ: ಕೆಲಸದ ಕಂಬಸಾಲಿಗೆ ಮೂರೇ ಪ್ರಶ್ನೆಗಳು

ಪ್ರತಿ ನರದ ಮುಂದೆ ನಿಂತು ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು: ಇದು ಯಾವ ಜಾಗದ ಅರಿವನ್ನು ತರುತ್ತದೆ, ಯಾವ ಸ್ನಾಯುವನ್ನು ಆಡಿಸುತ್ತದೆ, ಯಾವ ಗ್ರಂಥಿ ಅಥವಾ ಪಾಪೆಯಂಥ ನಮ್ಮ ಇಚ್ಛೆಗೆ ಒಳಪಡದ ಅಂಗಕ್ಕೆ ಪ್ಯಾರಾಸಿಂಪಥೆಟಿಕ್ ತಂತುಗಳನ್ನು ಒಯ್ಯುತ್ತದೆ? ಮೂರನೆಯ ಪ್ರಶ್ನೆಗೆ ಹೌದೆನ್ನುವವು 3, 7, 9 ಮತ್ತು 10ನೇ ನರಗಳು ಮಾತ್ರ. ವಿದ್ಯಾರ್ಥಿಗಳು ಬಿಡುವ ಅಂಶವೂ ಇದೇ: 3ನೇ ನರದ ಎದುರು ಸ್ನಾಯುಗಳನ್ನೆಲ್ಲ ಬರೆದು ಪಾಪೆಯನ್ನು ಮರೆಯುತ್ತಾರೆ. ರೋಗಿಯ ಮಟ್ಟಿಗೆ ಪಾಪೆಯೇ ಹೆಚ್ಚಿನ ಸುದ್ದಿ ಹೇಳುವುದು. ಪ್ಯಾರಾಸಿಂಪಥೆಟಿಕ್ ತಂತುಗಳು ಈ ನರದ ಹೊರಮೈಯಲ್ಲಿ ಇರುವುದರಿಂದ, ರಕ್ತನಾಳದ ಊತ ಹೊರಗಿನಿಂದ ಒತ್ತಿದಾಗ ಪಾಪೆ ಬೇಗನೆ ಹಿಗ್ಗುತ್ತದೆ. ಸಕ್ಕರೆ ಕಾಯಿಲೆಯಲ್ಲಿ ನರದ ಒಳಭಾಗದ ಸಣ್ಣ ರಕ್ತನಾಳಗಳು ಕೆಟ್ಟಾಗ ರೆಪ್ಪೆ ಜೋತರೂ ಪಾಪೆ ಸಾಮಾನ್ಯವಾಗಿ ಸರಿಯಾಗಿಯೇ ಉಳಿಯುತ್ತದೆ.

ಮೂರನೆಯ ಹೆಜ್ಜೆ: ಯಾವ ಬದಿಗೆ ತಿರುಗುತ್ತದೆ?

ಕೊನೆಯ ಕಂಬಸಾಲಿನಲ್ಲಿ ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ದಿಕ್ಕಿನ ವಿಷಯದಲ್ಲಿ. ನಾಲಿಗೆ ಹಾನಿಯಾದ ಬದಿಗೆ, ಕಿರುನಾಲಿಗೆ ಆರೋಗ್ಯವಂತ ಬದಿಗೆ, ದವಡೆ ಹಾನಿಯಾದ ಬದಿಗೆ, ಬಾಯಿಯ ಮೂಲೆ ಆರೋಗ್ಯವಂತ ಬದಿಗೆ ಎಂದು ನಾಲ್ಕನ್ನೂ ಬೇರೆ ಬೇರೆಯಾಗಿ ನೆನಪಿಟ್ಟುಕೊಂಡರೆ ಪರೀಕ್ಷೆಯ ಹೊತ್ತಿಗೆ ಒಂದಾದರೂ ತಲೆಕೆಳಗಾಗುತ್ತದೆ. ಕಾರಣವನ್ನು ಹಿಡಿದರೆ ನಾಲ್ಕೂ ತಾವಾಗಿಯೇ ಬರುತ್ತವೆ. ಸ್ನಾಯುವು ಅಂಗವನ್ನು ಮುಂದಕ್ಕೆ ತಳ್ಳುತ್ತದೆಯೋ ಅಥವಾ ತನ್ನ ಕಡೆಗೆ ಎಳೆಯುತ್ತದೆಯೋ ಎಂಬುದನ್ನು ಕೇಳಿ.

ನಾಲಿಗೆಯನ್ನು ಹೊರಚಾಚುವ ಜಿನಿಯೊಗ್ಲಾಸಸ್ ತಳ್ಳುವ ಸ್ನಾಯು. ಎಡಬಲ ಎರಡೂ ಸಮವಾಗಿ ತಳ್ಳಿದರೆ ನಾಲಿಗೆ ನೇರ ಬರುತ್ತದೆ. ಬಲಗಡೆಯದು ಸೋತರೆ ಎಡಗಡೆಯದು ತಳ್ಳಿದ ನಾಲಿಗೆ ಬಲಕ್ಕೇ ಸರಿಯುತ್ತದೆ. ಬಾಯಿ ತೆರೆಯುವಾಗ ದವಡೆಯನ್ನು ಮುಂದಕ್ಕೆ ತಳ್ಳುವ ಲ್ಯಾಟರಲ್ ಟೆರಿಗಾಯ್ಡ್ ಕೂಡ ಹೀಗೆಯೇ ವರ್ತಿಸುವುದರಿಂದ ದವಡೆ ಸೋತ ಬದಿಗೆ ಹೊರಳುತ್ತದೆ. ಇದಕ್ಕೆ ಬದಲಾಗಿ, ರೋಗಿ "ಆ" ಎಂದಾಗ ಅಂಗುಳವನ್ನು ಮೇಲೆತ್ತುವ ಸ್ನಾಯು, ನಗುವಾಗ ಬಾಯಿಯ ಮೂಲೆಯನ್ನು ಎಳೆಯುವ ಸ್ನಾಯು ಎರಡೂ ತಮ್ಮ ಕಡೆಗೆ ಎಳೆಯುವಂಥವು. ಬಲಗಡೆಯದು ಸೋತರೆ ಎಡಗಡೆಯದು ಎಳೆದುಕೊಂಡು ಹೋಗುತ್ತದೆ. ತಳ್ಳುವ ಸ್ನಾಯುವಾದರೆ ಸೋತ ಬದಿಗೆ, ಎಳೆಯುವ ಸ್ನಾಯುವಾದರೆ ಗೆದ್ದ ಬದಿಗೆ: ಕೋಷ್ಟಕದ ಅಂಚಿನಲ್ಲಿ ಇಷ್ಟನ್ನು ಬರೆದಿಟ್ಟುಕೊಳ್ಳಿ. ಇದು ನರಕ್ಕೇ ಆದ ಹಾನಿಯ ಲೆಕ್ಕ. ಲಕ್ವಾದಲ್ಲಿ ಮಿದುಳಿನ ಬಲ ಅರ್ಧಕ್ಕೆ ಪೆಟ್ಟು ಬಿದ್ದಾಗ ಸೋಲುವುದು ನಾಲಿಗೆಯ ಎಡ ಅರ್ಧ, ಆದ್ದರಿಂದ ಅದು ತಿರುಗುವುದೂ ಎಡಕ್ಕೇ.

4ನೇ ಮತ್ತು 11ನೇ ನರಗಳು ಈ ಸೂತ್ರಕ್ಕೆ ಹೊರತು. ಬಲಗಡೆಯ ಸ್ಟರ್ನೊಕ್ಲೈಡೊಮ್ಯಾಸ್ಟಾಯ್ಡ್ ಮುಖವನ್ನು ಎಡಕ್ಕೆ ತಿರುಗಿಸುತ್ತದೆಯಾದ್ದರಿಂದ ಬಲ ನರ ಕೆಟ್ಟರೆ ಎಡಕ್ಕೆ ತಿರುಗಿಸುವ ಬಲವೇ ಕುಗ್ಗುವುದು. 4ನೇ ನರದ ರೋಗಿಯ ತೊಂದರೆ ಕಣ್ಣು ಕೆಳಕ್ಕೂ ಒಳಕ್ಕೂ ಇಳಿಯಬೇಕಾದಾಗ ಹೆಚ್ಚುತ್ತದೆ: ಪುಸ್ತಕ ಓದುವಾಗ, ಗೋಳಗುಮ್ಮಟದ ಇಕ್ಕಟ್ಟಾದ ಮೆಟ್ಟಿಲುಗಳನ್ನು ಇಳಿಯುವಾಗ ಒಂದು ಮೆಟ್ಟಿಲು ಎರಡಾಗಿ ಕಾಣುತ್ತದೆ, ಹತ್ತುವಾಗ ಅಷ್ಟು ಕಾಡುವುದಿಲ್ಲ.

ನಾಲ್ಕನೆಯ ಹೆಜ್ಜೆ: 7ನೇ ನರಕ್ಕೆ ಪ್ರತ್ಯೇಕ ಹಾಳೆ

ದಂತ ವೈದ್ಯಕೀಯ ವಿದ್ಯಾರ್ಥಿಗೆ ಕೋಷ್ಟಕದ ಒಂದು ಸಾಲು ಸಾಲದ ನರವೆಂದರೆ ಫೇಶಿಯಲ್. ಈ ನರ ಮೂಳೆಯೊಳಗಿನ ತನ್ನ ಪ್ರಯಾಣದಲ್ಲಿ ಒಂದೊಂದಾಗಿ ಶಾಖೆಗಳನ್ನು ಕಳಚುತ್ತ ಬರುತ್ತದೆ. ಮೊದಲು, ಜೆನಿಕ್ಯುಲೇಟ್ ಗ್ಯಾಂಗ್ಲಿಯಾನ್ ಬಳಿ, ಕಣ್ಣೀರಿನ ಗ್ರಂಥಿಗೆ ಹೋಗುವ ಗ್ರೇಟರ್ ಪೆಟ್ರೋಸಲ್ ನರ ಬೇರ್ಪಡುತ್ತದೆ. ಆಮೇಲೆ ನಡುಗಿವಿಯ ಹಿಂದೆ ಸ್ಟೆಪೀಡಿಯಸ್ ಎಂಬ ಪುಟ್ಟ ಸ್ನಾಯುವಿನ ನರ ಹೊರಡುತ್ತದೆ; ಜೋರಾದ ಸದ್ದನ್ನು ತಗ್ಗಿಸುವುದು ಈ ಸ್ನಾಯುವಿನ ಕೆಲಸ. ಅದರ ಕೆಳಗೆ, ಸ್ಟೈಲೊಮ್ಯಾಸ್ಟಾಯ್ಡ್ ಫೊರಾಮೆನ್‌ಗಿಂತ ಸ್ವಲ್ಪ ಮೇಲೆ, ರುಚಿಯ ತಂತುಗಳನ್ನು ಒಯ್ಯುವ ಕಾರ್ಡಾ ಟಿಂಪನಿ ಬೇರ್ಪಟ್ಟು, ಮುಂದೆ 5ನೇ ನರದ ಲಿಂಗ್ವಲ್ ಶಾಖೆಯನ್ನು ಕೂಡಿಕೊಂಡು ನಾಲಿಗೆಯನ್ನು ತಲುಪುತ್ತದೆ. ರಂಧ್ರದಿಂದ ಹೊರಬಂದ ಮೂಲ ನರದಲ್ಲಿ ಉಳಿದಿರುವುದು ಬಹುಮಟ್ಟಿಗೆ ಸ್ನಾಯುಗಳ ತಂತುಗಳು ಮಾತ್ರ. ಅವು ಪರೋಟಿಡ್ ಗ್ರಂಥಿಯೊಳಗೆ ಐದು ಶಾಖೆಗಳಾಗಿ ಒಡೆಯುತ್ತವೆ.

ಹೀಗಾಗಿ ಹಾನಿಯ ಜಾಗವನ್ನು ಕೆಳಗಿನಿಂದ ಮೇಲಕ್ಕೆ ಓದಬಹುದು. ಮುಖ ಮಾತ್ರ ಸೋತಿದ್ದರೆ ಪೆಟ್ಟು ರಂಧ್ರದ ಹೊರಗೆ ಅಥವಾ ಅದರ ಬಾಯಲ್ಲಿ. ರುಚಿಯೂ ಹೋಗಿದ್ದರೆ ಕಾರ್ಡಾ ಟಿಂಪನಿಗಿಂತ ಮೇಲೆ. ಸದ್ದು ಕರ್ಕಶವಾಗಿ ಕೇಳಿದರೆ ಇನ್ನೂ ಮೇಲೆ. ಕಣ್ಣು ಒಣಗಿದರೆ ಗ್ಯಾಂಗ್ಲಿಯಾನ್ ಮಟ್ಟದಲ್ಲಿ ಅಥವಾ ಅದರ ಹಿಂದೆ. ಕಿವಿಯೂ ಕೇಳದಿದ್ದರೆ 7 ಮತ್ತು 8 ಜೊತೆಗಿರುವ ಮಿಯೇಟಸ್‌ನಲ್ಲಿ. ನಿಜವಾದ ರೋಗಿಗಳಲ್ಲಿ ಈ ಮೆಟ್ಟಿಲುಗಳು ಯಾವಾಗಲೂ ಇಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ, ಏಕೆಂದರೆ ನರದ ಎಲ್ಲ ತಂತುಗಳೂ ಒಂದೇ ಪ್ರಮಾಣದಲ್ಲಿ ಕೆಡುವುದಿಲ್ಲ. ಉತ್ತರಪತ್ರಿಕೆಗೆ ಮಾತ್ರ ಇದೇ ಕ್ರಮ ಬೇಕು.

ಒಂದು ಪ್ರಸಂಗವನ್ನು ಬಿಡಿಸುವುದು

ಮುಧೋಳ ಕಡೆಯ ನಡುವಯಸ್ಸಿನ ರೈತರೊಬ್ಬರು ಬಲಗಡೆಯ ಕೆಳದವಡೆಯ ದವಡೆಹಲ್ಲನ್ನು ತೆಗೆಸಲು ಬಂದಿದ್ದಾರೆ ಎಂದು ಭಾವಿಸಿ. ಇನ್ಫೀರಿಯರ್ ಆಲ್ವಿಯೋಲಾರ್ ನರಕ್ಕೆ ಅರಿವಳಿಕೆ ಚುಚ್ಚುವಾಗ ಸೂಜಿಯ ತುದಿಗೆ ಮೂಳೆ ತಾಗಲಿಲ್ಲ, ಆದರೂ ಔಷಧ ಬಿಡಲಾಯಿತು. ಸೂಜಿಯನ್ನು ಹಿಂದಕ್ಕೆ ಎಳೆಯುವಾಗ ಲಿಂಗ್ವಲ್ ನರಕ್ಕೆಂದು ಸ್ವಲ್ಪ ಔಷಧವನ್ನು ಬಿಡಲಾಯಿತು. ಕೆಲವೇ ನಿಮಿಷಗಳಲ್ಲಿ ರೋಗಿಯ ಬಲಗಣ್ಣು ಮುಚ್ಚದಾಯಿತು, ಬಾಯಿ ಎಡಕ್ಕೆ ಎಳೆಯಿತು, ಹುಬ್ಬು ಎತ್ತಲು ಹೇಳಿದರೆ ಬಲ ಹಣೆಯಲ್ಲಿ ಸುಕ್ಕು ಮೂಡಲಿಲ್ಲ. ಜೊತೆಗೆ ಬಂದವರು "ಡಾಕ್ಟರ್ರೀ, ನಮ್ಮ ಕಾಕಾಗ ಲಕ್ವಾ ಹೊಡೀತೇನ್ರೀ?" ಎಂದು ಗಾಬರಿಯಾಗಿದ್ದಾರೆ. ಕೆಳದುಟಿ ಸರಿಯಾಗಿ ಜೋಮು ಹಿಡಿದಿಲ್ಲ, ನಾಲಿಗೆಯ ಬಲ ಅರ್ಧ ಜೋಮು ಹಿಡಿದಿದೆ, ಅಲ್ಲಿ ರುಚಿಯೂ ತಿಳಿಯುತ್ತಿಲ್ಲ.

ಮೊದಲು ಹಣೆಯನ್ನು ನೋಡಬೇಕು. ಹಣೆಯ ಸ್ನಾಯುಗಳಿಗೆ ಮಿದುಳಿನ ಎರಡೂ ಅರ್ಧಗಳಿಂದ ಸಂದೇಶ ಬರುವುದರಿಂದ, ಮಿದುಳಿನ ಒಂದು ಬದಿಯ ಲಕ್ವಾದಲ್ಲಿ ಮುಖದ ಕೆಳಭಾಗ ಸೋತರೂ ಹಣೆ ಸುಕ್ಕಾಗುತ್ತದೆ. ಇಲ್ಲಿ ಹಣೆಯೂ ಸೋತಿದೆ, ಕೈಕಾಲುಗಳಲ್ಲಿ ಬಲವಿದೆ, ಮಾತು ಸ್ಪಷ್ಟವಾಗಿದೆ. ಹಾಗಾಗಿ ಪೆಟ್ಟು ನರದ ಮೇಲೆಯೇ. ಯಾವ ಮಟ್ಟದಲ್ಲಿ? ರುಚಿ ಹೋಗಿದೆ ಎಂಬ ಒಂದೇ ಮಾತನ್ನು ಹಿಡಿದು "ಕಾರ್ಡಾ ಟಿಂಪನಿಗಿಂತ ಮೇಲೆ" ಎಂದು ಬರೆದವರು ಇಲ್ಲಿ ಎಡವುತ್ತಾರೆ. ಕಾರ್ಡಾ ಟಿಂಪನಿಯ ತಂತುಗಳು ಕೊನೆಯ ಹಾದಿಯಲ್ಲಿ ಲಿಂಗ್ವಲ್ ನರದ ಜೊತೆಗೇ ಸಾಗುವುದರಿಂದ, ಲಿಂಗ್ವಲ್ ನರಕ್ಕೆ ಅರಿವಳಿಕೆ ಕೊಟ್ಟಾಗ ಸ್ಪರ್ಶವೂ ರುಚಿಯೂ ಒಟ್ಟಿಗೆ ಹೋಗುತ್ತವೆ. ಪ್ರತ್ಯೇಕಿಸುವ ಗುರುತು ಸ್ಪರ್ಶ: 7ನೇ ನರ ಮೇಲೆ ಕೆಟ್ಟು ರುಚಿ ಹೋಗಿದ್ದರೆ ನಾಲಿಗೆಯ ಸ್ಪರ್ಶ ಉಳಿದಿರಬೇಕಿತ್ತು.

ಮುಂದೆ ಕಣ್ಣು. ಬಲಗಣ್ಣಿನಿಂದ ನೀರು ಸುರಿಯುತ್ತಿದ್ದರೆ ಅದು ಕಣ್ಣೀರು ಹೆಚ್ಚಿದ್ದರ ಗುರುತಲ್ಲ, ಕೆಳರೆಪ್ಪೆ ಸಡಿಲಗೊಂಡು ನೀರು ಸರಿಯಾದ ದಾರಿಯಲ್ಲಿ ಹರಿಯದಿರುವುದರ ಗುರುತು. ಬಲ ಕಾರ್ನಿಯಾಕ್ಕೆ ಹತ್ತಿಯ ಎಳೆಯನ್ನು ಮೆಲ್ಲಗೆ ತಾಗಿಸಿದರೆ ರೋಗಿಗೆ ತಿಳಿಯುತ್ತದೆ, ಎಡಗಣ್ಣು ಮಿಟುಕುತ್ತದೆ, ಬಲಗಣ್ಣು ಮಿಟುಕುವುದಿಲ್ಲ. ಅರಿವನ್ನು ಒಯ್ಯುವ 5ನೇ ನರದ ಮೊದಲ ಶಾಖೆ ಸರಿಯಿದೆ, ಮುಚ್ಚಿಸುವ 7ನೇ ನರ ಸೋತಿದೆ ಎಂದು ಇದರಿಂದ ತಿಳಿಯುತ್ತದೆ. ಸದ್ದು ಕರ್ಕಶವಾಗಿಲ್ಲ, ಕಿವಿ ಕೇಳುತ್ತಿದೆ. ಎಲ್ಲ ಕೂಡಿಸಿದರೆ ಪೆಟ್ಟು ಸ್ಟೈಲೊಮ್ಯಾಸ್ಟಾಯ್ಡ್ ಫೊರಾಮೆನ್‌ನ ಹೊರಗಿದೆ: ಸೂಜಿ ಕೆಳದವಡೆಯ ಲಂಬಭಾಗದ ಹಿಂದಿನ ಅಂಚನ್ನು ದಾಟಿ ಪರೋಟಿಡ್ ಗ್ರಂಥಿಯನ್ನು ಹೊಕ್ಕು, ಔಷಧ ಅಲ್ಲಿಯ ಫೇಶಿಯಲ್ ಶಾಖೆಗಳ ಮೇಲೆ ಬಿದ್ದಿದೆ. ಕೆಳದುಟಿ ಜೋಮು ಹಿಡಿಯದಿರುವುದಕ್ಕೂ ಇದೇ ಕಾರಣ. ಔಷಧ ತಲುಪಬೇಕಾದ ನರವನ್ನು ತಲುಪಲೇ ಇಲ್ಲ.

ಔಷಧದ ಪ್ರಭಾವ ಇಳಿದಂತೆ, ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ, ಮುಖ ಮೊದಲಿನಂತಾಗುತ್ತದೆ. ಅಲ್ಲಿಯವರೆಗೆ ಕಾರ್ನಿಯಾ ಒಣಗದಂತೆ ಕಣ್ಣನ್ನು ಮುಚ್ಚಿ ಕಾಪಾಡಬೇಕು, ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಸಬೇಕು, ಕಾರಣವನ್ನು ರೋಗಿಗೂ ಮನೆಯವರಿಗೂ ವಿವರಿಸಬೇಕು, ಹಲ್ಲು ತೆಗೆಯುವುದನ್ನು ಇನ್ನೊಂದು ದಿನಕ್ಕೆ ಮುಂದೂಡುವುದು ಲೇಸು. ನಿರೀಕ್ಷಿಸಿದ ಹೊತ್ತಿಗೆ ಇಳಿಯದಿದ್ದರೆ ಬೇರೆ ಕಾರಣವನ್ನು ಹುಡುಕಬೇಕು. ಮೂಳೆ ತಾಗುವ ಮುನ್ನ ಔಷಧ ಬಿಡಬಾರದು ಎಂಬ ನಿಯಮದ ಹಿಂದೆ ಇರುವುದು ಈ ಅಂಗರಚನೆಯೇ.

ಐದನೆಯ ಹೆಜ್ಜೆ: ಸಾಲುಗಳನ್ನು ಗುಂಪಾಗಿ ಓದುವುದು

ದಾರಿಯ ಕ್ರಮದಲ್ಲಿ ಬರೆದ ಕೋಷ್ಟಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದು ಕಣ್ಣು ಯಾವ ದಿಕ್ಕಿಗೂ ಅಲುಗಾಡುತ್ತಿಲ್ಲ, ರೆಪ್ಪೆ ಜೋತಿದೆ, ಹಣೆ ಜೋಮು ಹಿಡಿದಿದೆ ಎಂದರೆ 3, 4, 6 ಮತ್ತು 5ರ ಮೊದಲ ಶಾಖೆ ಒಟ್ಟಿಗೆ ಸೋತಿವೆ. ಸುಪೀರಿಯರ್ ಆರ್ಬಿಟಲ್ ಫಿಶರ್ ಮೊದಲು ನೆನಪಾಗಬೇಕು. ಆದರೆ ಅಷ್ಟಕ್ಕೇ ನಿಲ್ಲದೆ ಮೇಲಿನ ಮತ್ತು ಕೆಳಗಿನ ಸಾಲುಗಳನ್ನೂ ಪರೀಕ್ಷಿಸಬೇಕು. ದೃಷ್ಟಿಯೂ ಹೋಗಿದ್ದರೆ ಆಪ್ಟಿಕ್ ಕೆನಾಲ್ ಕೂಡ ಸೇರಿದೆ, ಅಂದರೆ ಪೆಟ್ಟು ಕಣ್ಣುಗುಳಿಯ ತುದಿಯಲ್ಲಿದೆ. ದೃಷ್ಟಿ ಸರಿಯಿದ್ದು ಕೆನ್ನೆಯೂ ಜೋಮು ಹಿಡಿದಿದ್ದರೆ 5ರ ಎರಡನೆಯ ಶಾಖೆ ಸೇರಿದೆ; ಆ ಶಾಖೆ ಫಿಶರ್ ಮೂಲಕ ಹೋಗುವುದಿಲ್ಲವಾದ್ದರಿಂದ ಪೆಟ್ಟು ಇನ್ನೂ ಹಿಂದೆ, ಕ್ಯಾವರ್ನಸ್ ಸೈನಸ್‌ನಲ್ಲಿ ಇರಬೇಕು. ಮೇಲ್ದುಟಿಯ ಅಥವಾ ಮೂಗಿನ ಪಕ್ಕದ ಕೀವುಗುಳ್ಳೆಯನ್ನು ಹಿಂಡಿದ ನಂತರ ಸೋಂಕು ರಕ್ತನಾಳಗಳ ಮೂಲಕ ಅಲ್ಲಿಗೆ ಹತ್ತುವುದು ಪಠ್ಯಗಳು ಎಚ್ಚರಿಸುವ ಅಪಾಯ; ಇಂಥ ರೋಗಿಯಲ್ಲಿ 6ನೇ ನರ ಮೊದಲು ಸೋಲುವುದುಂಟು, ಏಕೆಂದರೆ ಉಳಿದವು ಸೈನಸ್‌ನ ಗೋಡೆಯಲ್ಲಿದ್ದರೆ ಅದು ಕ್ಯಾರೊಟಿಡ್ ರಕ್ತನಾಳದ ಪಕ್ಕದಲ್ಲಿ ಒಳಗೇ ಸಾಗುತ್ತದೆ.

ಜುಗುಲರ್ ಫೊರಾಮೆನ್‌ನ ಮೂರು ಸಾಲುಗಳನ್ನೂ ಹೀಗೆಯೇ ಓದಿ. ಧ್ವನಿ ಒಡೆದಿದೆ, ಕಿರುನಾಲಿಗೆ ಎಡಕ್ಕೆ ಸರಿದಿದೆ, ಬಲ ಗಂಟಲಿನಲ್ಲಿ ಓಕರಿಕೆ ಇಲ್ಲ, ಬಲ ಭುಜ ಜೋತಿದೆ ಎಂದರೆ ಪೆಟ್ಟು ಬಲಗಡೆಯ ರಂಧ್ರದಲ್ಲಿ. ಆಗ ನಾಲಿಗೆಯನ್ನು ಹೊರಚಾಚಲು ಹೇಳಬೇಕು: ನೇರವಾಗಿ ಬಂದರೆ ರೋಗ ಆ ರಂಧ್ರದಲ್ಲೇ ಇದೆ, ಬಲಕ್ಕೆ ತಿರುಗಿದರೆ ಪಕ್ಕದ ಹೈಪೊಗ್ಲಾಸಲ್ ಕೆನಾಲ್‌ಗೂ ಹಬ್ಬಿದೆ.

6ನೇ ನರ ಒಂದೇ ಸೋತಿದ್ದಾಗ ಮಾತ್ರ ಈ ಲೆಕ್ಕವನ್ನು ಪೂರ್ತಿ ನಂಬಬಾರದು. ತಲೆಯೊಳಗಿನ ಒತ್ತಡ ಯಾವ ಕಾರಣಕ್ಕೆ ಏರಿದರೂ ಈ ನರ ಮಿದುಳುಕಾಂಡದಿಂದ ಮೇಲೇರುವ ಉದ್ದ ಹಾದಿಯಲ್ಲಿ ಜಗ್ಗಿಹೋಗಿ ಸೋಲಬಹುದು, ಗಡ್ಡೆ ಇರುವ ಜಾಗ ತೀರ ಬೇರೆಯೇ ಆಗಿರಬಹುದು. ಆದ್ದರಿಂದ ಕೋಷ್ಟಕದಲ್ಲಿ ಆ ಸಾಲಿನ ಪಕ್ಕಕ್ಕೆ ಒಂದು ನಕ್ಷತ್ರ ಚಿಹ್ನೆ ಹಾಕಿ, ಕೆಳಗೆ "ಜಾಗದ ಬಗ್ಗೆ ದಾರಿ ತಪ್ಪಿಸಬಹುದು, ಕಣ್ಣಿನ ಹಿಂಪರದೆಯಲ್ಲಿ ಆಪ್ಟಿಕ್ ಡಿಸ್ಕ್ ಊದಿದೆಯೇ ನೋಡಿ" ಎಂದು ಬರೆದುಕೊಳ್ಳಿ.